ಹಿಂದಿನಿಂದ ತೆಗದ ಫೋಟೋದಾಗ ಕುತ್ತಿಗಿ ಗಿಡ್ಡ ಕಾಣ್ತದ, ಜಂಪರಿಗೆ ಹಿಂದ 10 ಇಂಚಿನ ಡೀಪ್ ಯು ನೆಕ್ ಕೂಡ್ತದೇನ್ರಿ?

ಸೇಡಂ_ಹೊಲಿಗಿ: ಗಿರಾಕಿ ಬೀದರದವರು, ಇಲ್ಲಿಗೆ ಬರ್ಲಾಕ ಆಗಲ್ಲ ಅಂತಾರ. ಅಳತಿ ಜಂಪರ್ ಮತ್ತ ಹಿಂದಿನಿಂದ ತೆಗದ ಒಂದು ಫೋಟೋ ಕಳ್ಸ್ಯಾರ. ಉದ್ದ 14 ಇಂಚು. ಹಿಂದ 10 ಇಂಚು ಡೀಪ್ ಯು, ಮ್ಯಾಲ ಅಗಲ ಬೇಕಂತ. ಫೋಟೋದಾಗ ಕುತ್ತಿಗಿ ಗಿಡ್ಡ, ಭುಜ ಇಳಿಜಾರ ಕಾಣ್ತದ. ಬೆನ್ನಿಗೆ 6 ಇಂಚಿನ ಕಾಗದದ ಪಟ್ಟಿ ಹಚ್ಚಿಸಿ ತೆಗ್ಸೀನಿ. ಪರದಿ ಮ್ಯಾಲ ಪಟ್ಟಿ 36 ಮಿ.ಮೀ., ಭುಜದ ತುದಿಯಿಂದ ತುದಿಗೆ 84. ಲೆಕ್ಕಕ್ಕ 14 ಇಂಚು ಬರ್ತದ, ಆದ್ರ ಅಳತಿ ಜಂಪರ್ ಶೋಲ್ಡರ್ 14½ ಅದ. ಯಾವುದು ಹಿಡೀಲಿ?

ಮಷಿನ್_ಅಕ್ಕ: ಗಿಡ್ಡ ಕುತ್ತಿಗಿಗೆ ಕಾಲರ್, ಬೋಟ್ ಬ್ಯಾಡ. ಡೀಪ್ ಕೊಟ್ರ ಬೆನ್ನು ಉದ್ದ ಕಂಡು ಕುತ್ತಿಗಿನೂ ಉದ್ದ ಕಾಣ್ತದ. 10 ಕೊಟ್ಟು ಮ್ಯಾಲ ಡೋರಿ ಹಾಕ್ರಿ, ಮುಗೀತು.

ಕತ್ರಿ_ಕಲಬುರಗಿ: ಅಕ್ಕ ಹೇಳಿದ್ದು ಅರ್ಧ ಸರಿ ಅದ. ಮೊದ್ಲು ಆ ಕುತ್ತಿಗಿ ಖರೇನೇ ಗಿಡ್ಡ ಅದ ಏನು ನೋಡ್ರಿ. ಬೆನ್ನಿನ ಮ್ಯಾಲಿನ ಭಾಗ ಬಾಗಿದ್ರ ತಲಿ ಮುಂದ ಹೋಗ್ತದ, ಆಗ ಹಿಂದಿನಿಂದ ಕುತ್ತಿಗಿ ಅರ್ಧಕ್ಕರ್ಧ ಮುಚ್ಚಿಬಿಡ್ತದ. ಫೋನ್ ತಲಿಗಿಂತ ಮ್ಯಾಲ ಹಿಡದ್ರೂ ಹಂಗೇ. ಹಿಂದಿನ ಫೋಟೋ ಅಗಲ ಹೇಳ್ತದ, ಉಬ್ಬು ಹೇಳಲ್ಲ. ಫೋನ್ ಬೆನ್ನಿನ ನಡುಮಟ್ಟಕ್ಕ, ಏಳೆಂಟು ಅಡಿ ದೂರದಿಂದ, ಕೂದಲ ಮ್ಯಾಲ ಕಟ್ಟಿಸಿ ಇನ್ನೊಂದು ತೆಗ್ಸ್ರಿ. ಜೊತಿಗೆ ಮಗ್ಗಲಿನಿಂದ ಒಂದು ಬೇಕೇ ಬೇಕು. ಅದರಾಗ ಕಿವಿ ಭುಜಕ್ಕಿಂತ ಮುಂದ ಬಂದಿದ್ರ, ಬೆನ್ನು ಗುಂಡಗ ಇದ್ರ, ಗಿಡ್ಡ ಕುತ್ತಿಗಿ ಅನ್ನೋ ಲೆಕ್ಕ ಬಿಟ್ಟುಬಿಡ್ರಿ.

14, 14½ ಎರಡೂ ಖರೇನೇ. ಫೋಟೋ ನೇರ ಅಂತರ ತೋರಿಸ್ತದ, ಟೇಪ್ ಬೆನ್ನಿನ ಬಾಗಿನ ಮ್ಯಾಲ ಹೋಗ್ತದ. ಕಟಿಂಗಿಗೆ ಜಂಪರಿನ ಅಳತಿನೇ ಹಿಡೀರಿ, ಫೋಟೋ ಡಿಸೈನ್ ಆರಿಸ್ಲಾಕ ಅಷ್ಟೇ.

ಯಾದಗಿರಿ_ಬ್ಲೌಸ್: ನಮ್ಮ ಮಗಳ ಭುಜ ಭಾಳ ಅಗಲ ಅವ. ಆಕಿಗೆ ಬೋಟ್ ನೆಕ್ ಹೊಲಸ್ಬೇಕಂತ ಅದ. ಮುಂದ ಎಷ್ಟು ಡೀಪ್ ಇಡ್ಬೇಕ್ರಿ?

ಕತ್ರಿ_ಕಲಬುರಗಿ: ಇಲ್ಲಿ ಮಾತು ಹಿಂದಿನ ಕುತ್ತಿಗಿದು ನಡದದ, ಅಕ್ಕಾರ. ಅಗಲ ಭುಜಕ್ಕ ಬೋಟ್ ಇನ್ನೂ ಅಗಲ ತೋರಿಸ್ತದ, ಹಿಂದ ಸಣ್ಣ ವಿ ಅಥವಾ ಸಣ್ಣ ಯು ನೋಡ್ರಿ. ಮುಂದಿಂದು ಬ್ಯಾರೇ ಕೇಳ್ರಿ.

ಸೇಡಂದವರೇ, ಬೆನ್ನು ಗುಂಡಗಿದ್ರ 10 ಇಂಚಿನ ಯು ಏನ್ಮಾಡ್ತದ ಅಂದ್ರ, ಅದರ ಅಂಚು ಮ್ಯಾಲ ಉಬ್ಬಿನ ಮ್ಯಾಗ ಹಾದು ಕೆಳಗ ಬೆನ್ನೆಲುಬಿನ ತಗ್ಗಿಗೆ ಇಳೀತದ. ಆ ಅಂಚು ಬಟ್ಟಿಯ ಓರೆನೂಲಿನಾಗ ಕೊಯ್ದದ್ದು, ಜಗ್ಗಿ ಉದ್ದ ಆಗ್ತದ. ಬೆನ್ನಿಗೆ ಅಂಟದೇ ಬಾಯಿ ತೆರಕೊಂಡು ನಿಲ್ತದ. ಟ್ರಯಲಿನಾಗ ಅಂಚಿಗೂ ಬೆನ್ನಿಗೂ ನಡುವ ಎರಡು ಬೆರಳು ಸಲೀಸಾಗಿ ಹೋದ್ರ ಇದೇ ತಪ್ಪು.

ಮಷಿನ್_ಅಕ್ಕ: ಡೋರಿ ಬಿಗಿದ್ರ ಕೂಡ್ತದಲ್ರಿ?

ಕತ್ರಿ_ಕಲಬುರಗಿ: ಡೋರಿ ಭುಜ ಜಾರೋದು ತಡೀತದ, ಅಂಚಿನ ಬಾಯಿ ಮುಚ್ಚಲ್ಲ. ಭಾಳ ಬಿಗಿದ್ರ ಕಂಕುಳಿನಿಂದ ಬೆನ್ನಿಗೆ ಅಡ್ಡ ಸುಕ್ಕು ಬರ್ತಾವ. ಪೇಪರ್ ಕಟಿಂಗಿನಾಗೇ ಯು ಅಂಚಿನ ಎರಡೂ ಮಗ್ಗಲಿಗೆ ಕಾಲು ಕಾಲು ಇಂಚು ಚಿವುಟಿ ಮುಚ್ರಿ, ಆ ಹೆಚ್ಚುವರಿ ಕೆಳಗಿನ ಟಕ್ಕಿಗೆ ತಿರುಗಿಸ್ರಿ. ಪೈಪಿಂಗ್ ಹಚ್ಚೋ ಮುಂಚೆ ಅಂಚಿಗೆ ನೇರ ನೂಲಿನ ಲೈನಿಂಗ್ ಪಟ್ಟಿ ಹೊಲೀರಿ.

ಭುಜ ಇಳಿಜಾರ ಅಂತೀರಿ, ಅಲ್ಲೂ ಅಗಲ ಬ್ಯಾಡ. ಶೋಲ್ಡರ್ 14½ ಅಂದ್ರ ಅರ್ಧ 7¼. ಡೀಪಿಗೆ ಅರ್ಧ ಇಂಚು ಕಮ್ಮಿ ಮಾಡಿ 6¾ ಹಿಡೀರಿ. ಕುತ್ತಿಗಿ ಅಗಲ ಅರ್ಧಕ್ಕ 3¼ ಇಡ್ರಿ, ಭುಜದ ಪಟ್ಟಿ 3½ ಉಳೀತದ. ಅವರು ಕೇಳಿದಂಗ ಅಗಲ ಮಾಡಿ 4¼ ಕೊಟ್ರ ಪಟ್ಟಿ 2½ಕ್ಕ ಬರ್ತದ, ಇಳಿಜಾರ ಭುಜದ ಮ್ಯಾಲ ಅದು ಒಂದ್ ತಾಸು ನಿಲ್ಲಲ್ಲ.

ಸೇಡಂ_ಹೊಲಿಗಿ: ಆಳ 10 ಇಡ್ಲಾ?

ಕತ್ರಿ_ಕಲಬುರಗಿ: ಉದ್ದ 14ರಾಗ 10 ತೆಗದ್ರ ಕೆಳಗ 4 ಉಳೀತದ, ಒಳಗಿನ ಬ್ರಾ ಪಟ್ಟಿ ಮುಚ್ಲಾಕ ಸಾಕು. ಆದ್ರ ಮಗ್ಗಲಿನ ಫೋಟೋದಾಗ ಬೆನ್ನು ಗುಂಡಗ ಕಂಡ್ರ ನಾ 8ಕ್ಕ ನಿಲ್ಲಿಸ್ತೀನಿ.

ಮಷಿನ್_ಅಕ್ಕ: 8 ಅಂದ್ರ ಅಂಚು ಸೀದಾ ಬೆನ್ನಿನ ಎರಡು ಎಲುಬಿನ ಮ್ಯಾಲೇ ಬರ್ತದ, ಅಲ್ಲೇ ಹೆಚ್ಚು ಏಳ್ತದ. 10ರಾಗ ಚಿವುಟೋದೇ ಮೇಲು.

ಕತ್ರಿ_ಕಲಬುರಗಿ: ಎಲುಬು ಎದ್ದು ಕಾಣೋ ತೆಳು ಬೆನ್ನಾದ್ರ ನಿಮ್ಮ ಮಾತು ಖರೆ. ಮೈ ತುಂಬಿದ್ದಿದ್ರ ನಾ 8 ಅಂತೀನಿ.

ಸೇಡಂ_ಹೊಲಿಗಿ: ಮಗ್ಗಲಿನ ಫೋಟೋ ಕೇಳೀನಿ. ಅಲ್ಲೀತನಕ ಹಳೇ ಲೈನಿಂಗ್ ಬಟ್ಟಿಯಾಗ 8 ಕೊಯ್ದು ಕಳಸ್ತೀನಿ. 8ನ್ನ 10 ಮಾಡಬಹುದು, 10ನ್ನ 8 ಮಾಡ್ಲಾಕ ಬರಲ್ಲ.