ಅಮ್ಮನ ವಿಡಿಯೋ ಕಾಲ್‌ಗಳಲ್ಲೇ ಕತೆ ನಡೆಸೋದು ಹೇಗೆ?

ಕೇಳಿದವರು: ನನ್ನ ಕತೆಯ ಹುಡುಗ ಎಂಜಿನಿಯರ್, ಹೊರದೇಶದಲ್ಲಿದ್ದಾನೆ, ಮನೆ ನೆನಪು ಕಾಡುತ್ತಿದೆ. ಅಮ್ಮನ ಜೊತೆಗಿನ ವಿಡಿಯೋ ಕಾಲ್‌ಗಳಲ್ಲೇ ಕತೆ ಸಾಗಬೇಕು. ಆದರೆ ಎಲ್ಲ ಕಾಲೂ ‘ಹೇಗಿದ್ದೀಯ, ಚೆನ್ನಾಗಿದ್ದೀನಿ’ಯಲ್ಲೇ ಮುಗಿಯುತ್ತಿದೆ. ಇಂಥದ್ದು ಬರೆದವರು ಏನು ಮಾಡಿದಿರಿ?

ನಾಟಕ ಬರೆಯುವವರು: ವಿವರಣೆ ಪೂರ್ತಿ ತೆಗೆದು ಬರೀ ಮಾತು ಇಡಿ. ನಾನು ಹಾಗೆ ಮಾಡಿದಾಗ ‘ಅವನಿಗೆ ದುಃಖವಾಯಿತು’ ಅನ್ನೋ ಸಾಲುಗಳೆಲ್ಲ ತಾವಾಗಿಯೇ ಉದುರಿಹೋದವು.

ಕತೆಗಾರ್ತಿ: ಆ ಸಾಲುಗಳು ಹೋಗಬೇಕು, ಸರಿ. ಆದರೆ ಬರೀ ಮಾತಾದರೆ ಮಾಮೂಲಿ ಫೋನ್ ಸಾಕಿತ್ತು ಅಲ್ವಾ? ಮಾತು ಒಂದು ಹೇಳುವಾಗ ಪರದೆ ಬೇರೆಯದನ್ನು ತೋರಿಸಬೇಕು. ನನ್ನ ಕತೆಯಲ್ಲಿ ಅಮ್ಮನಿಗೆ ಮಂಡಿನೋವು, ಮಗನಿಗೆ ಹೇಳಿಲ್ಲ. ಮೊದಲ ಕಾಲ್‌ನಲ್ಲಿ ಫೋನ್ ಹಿಡಿದೇ ಮಹಡಿ ಹತ್ತಿ ಅವನ ಕೋಣೆ ತೋರಿಸುತ್ತಾಳೆ. ಚಿತ್ರ ಅಲುಗಾಡುತ್ತದೆ, ಏದುಸಿರು ಕೇಳುತ್ತದೆ, ಅಷ್ಟೆ. ಎರಡನೆಯದರಲ್ಲಿ ಫೋನ್ ಯಾವುದಕ್ಕೋ ಒರಗಿದೆ, ಅವಳು ಏಳುವುದೇ ಇಲ್ಲ. ಮೂರನೆಯದರಲ್ಲಿ ಹಿಂದಿನ ಕಿಟಕಿ ಬೇರೆ, ಅಂಚಿನಲ್ಲಿ ದಿಂಬು. ‘ಕೆಳಗಡೆ ನೆಟ್ ಚೆನ್ನಾಗಿ ಸಿಗುತ್ತೆ ಕಣೋ’ ಅನ್ನುತ್ತಾಳೆ. ನಾಲ್ಕನೆಯದರಲ್ಲಿ ಮಗ ತನ್ನ ಕಪಾಟಿನಲ್ಲಿರುವ ಒಂದು ಸರ್ಟಿಫಿಕೇಟ್ ತೋರಿಸು ಅನ್ನುತ್ತಾನೆ. ‘ನಾಳೆ ತೋರಿಸ್ತೀನಿ.’ ಓದುಗರಿಗೆ ಗೊತ್ತಾಯಿತು, ಅವನಿಗಿನ್ನೂ ಇಲ್ಲ. ಅಲ್ಲಿಂದ ಕತೆ ಓಡಿತು.

ಮಗನೂ ಏನಾದರೂ ಮುಚ್ಚಿಡಲಿ. ಅವನು ಸದಾ ಖಾಲಿ ಗೋಡೆಗೆ ಬೆನ್ನು ಕೊಟ್ಟು ಕೂರಬಹುದು, ಕೋಣೆ ಕಾಣದ ಹಾಗೆ. ಕಣ್ಣಿನ ವಿಷಯವೂ ಇದೆ. ಪರದೆಯಲ್ಲಿ ಅಮ್ಮನ ಮುಖ ನೋಡಿದರೆ ಅವಳಿಗೆ ಇವನು ತಲೆ ತಗ್ಗಿಸಿದ ಹಾಗೆ ಕಾಣುತ್ತದೆ. ಕ್ಯಾಮೆರಾ ನೋಡಿದರೆ ಇವನಿಗೆ ಅವಳ ಮುಖ ತಪ್ಪುತ್ತದೆ. ‘ಯಾಕೋ ಮುಖ ಕೊಟ್ಟು ಮಾತಾಡ್ತಿಲ್ಲ’ ಅಂತ ಅವಳು ಕೇಳುವಾಗ ಅವನು ಅವಳನ್ನೇ ನೋಡುತ್ತಿರುತ್ತಾನೆ.

ಹೊರದೇಶದಲ್ಲಿರುವವರು: ನಿಮಗೆ ಮನೆ ನೆನಪು ಜಾಸ್ತಿ ಆಗಿದೆ ಅನ್ನಿಸುತ್ತೆ. ಕಾಲ್‌ಗೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ನಾನಿರುವ ಕಡೆ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಬದಲಾಗುತ್ತೆ, ಅಮ್ಮನ ಕಡೆ ಇಲ್ಲ. ಇಲ್ಲಿ ಗಡಿಯಾರ ಹಿಂದಕ್ಕೆ ಹೋದ ದಿನ ಅವರು ಒಂದು ಗಂಟೆ ಫೋನ್ ಮುಂದೆ ಕಾದು ಕೂತಿದ್ದರು.

ಕೇಳಿದವರು: ನಾನು ಕೇಳಿದ್ದು ಕತೆಗೆ. ಆದರೂ ಆ ಒಂದು ಗಂಟೆ ನನಗೆ ಬೇಕು. ಮಾತಿನ ಮಧ್ಯೆ ನೆಟ್ ಕೈಕೊಡೋದನ್ನೂ ಬಳಸಬಹುದಾ?

ಕತೆಗಾರ್ತಿ: ಒಂದೇ ಸಲ. ನಿಜ ಬಾಯಿಗೆ ಬರುವ ಹೊತ್ತಿಗೆ ಕಾಲ್ ಕಟ್ ಆದರೆ ಓದುಗರಿಗೆ ಮೋಸ ಅನ್ನಿಸುತ್ತದೆ. ನೆಟ್ ನಿಧಾನವಾದಾಗ ಸಾಮಾನ್ಯವಾಗಿ ಚಿತ್ರ ಮೊದಲು ನಿಲ್ಲುತ್ತದೆ, ದನಿ ಬರುತ್ತಲೇ ಇರುತ್ತದೆ. ನಗುಮುಖ ಪರದೆಯಲ್ಲಿ ನಿಂತಿರಲಿ, ಎದ್ದು ನಡೆಯುವಾಗಿನ ನರಳಾಟ ಕೇಳಿಸಲಿ.

ನಾಟಕ ಬರೆಯುವವರು: ಗೊತ್ತಾದ ಮೇಲೆ ನಾನಾದರೆ ಅವನನ್ನು ಮನೆಗೆ ಕಳಿಸುತ್ತಿದ್ದೆ.

ಕತೆಗಾರ್ತಿ: ನಾನು ಕಳಿಸಲಿಲ್ಲ. ಅವನು ಮನೆಯೊಳಗೆ ಬಂದರೆ ಪರದೆಯಿಂದ ಬಂದಿದ್ದ ಬಿಗಿ ಸಡಿಲವಾಗುತ್ತದೆ ಅನ್ನೋದು ನನ್ನ ನಂಬಿಕೆ. ಆದರೆ ಓದಿದ ಕೆಲವರು ನಿಮ್ಮ ಮಾತನ್ನೇ ಹೇಳಿದರು.