ರಾತ್ರಿ ಹತ್ತರ ಮೇಲೆ ಫರ್ನೇಸ್: ನಿಜವಾಗಿ ಎಷ್ಟು ಉಳಿಯಿತು?

ಕೇಳಿದವರು, ಶಿವಮೊಗ್ಗ: ಸಣ್ಣ ಫೌಂಡ್ರಿ, ಟಿಒಡಿ ಬಿಲ್ ಬರುತ್ತದೆ, ಅಂದರೆ ಹೊತ್ತಿಗೆ ತಕ್ಕಂತೆ ಕರೆಂಟ್ ದರ. ಸಂಜೆಯ ಮೆಲ್ಟಿಂಗ್ ರಾತ್ರಿಗೆ ಹಾಕಿದರೆ ಲಾಭ ಇದೆಯಾ? ಮಾಡಿದವರು ಹೇಳಿ.

ಬೆಳಗಾವಿ ಫೌಂಡ್ರಿ: ನಾನು ಮಾಡಿ ಕೈ ಸುಟ್ಟುಕೊಂಡೆ, ಆಮೇಲೆ ಸರಿಮಾಡಿಕೊಂಡೆ. ನನ್ನ ಬಿಲ್ಲಿನಲ್ಲಿ ಸಂಜೆ 6ರಿಂದ 10ರವರೆಗೆ ಯೂನಿಟ್‌ಗೆ 1 ರೂಪಾಯಿ ಜಾಸ್ತಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 1 ರೂಪಾಯಿ ಕಡಿಮೆ. ಸಂಜೆ ಅರ್ಧ ಟನ್ನಿನ ಎರಡು ಹೀಟ್, ಸುಮಾರು 600 ಯೂನಿಟ್. ಅದನ್ನು ರಾತ್ರಿಗೆ ತಳ್ಳಿದರೆ ದಿನಕ್ಕೆ 1,200, ತಿಂಗಳ 25 ದಿನಕ್ಕೆ 30,000. ಲೆಕ್ಕ ಇಷ್ಟೇ ಅಂದುಕೊಂಡೆ.

ಮೊದಲ ತಿಂಗಳೇ ಪೆಟ್ಟು ಬಿತ್ತು. ಹತ್ತು ಹೊಡೆದ ಕೂಡಲೇ ಹುಡುಗರು ಫರ್ನೇಸ್, ಅನೀಲಿಂಗ್ ಓವನ್, ಕಂಪ್ರೆಸರ್ ಎಲ್ಲಾ ಒಟ್ಟಿಗೆ ಹಾಕಿದರು. ಕಾಂಟ್ರಾಕ್ಟ್ ಡಿಮಾಂಡ್, ಅಂದರೆ ಕರೆಂಟ್ ಕಂಪನಿ ಜೊತೆ ಒಪ್ಪಿಕೊಂಡ ಗರಿಷ್ಠ ಲೋಡ್, 400 ಕೆವಿಎ; ಮೀಟರ್‌ನಲ್ಲಿ 441 ದಾಖಲಾಯಿತು. ಮೇಲಿನ 41ಕ್ಕೆ ಎರಡು ಪಟ್ಟು ದರ. ಈಗ ರಾತ್ರಿ ಎರಡು ಗಂಟೆಗೆ ಮುಂಚೆ ಓವನ್ ಹಾಕುವಂತಿಲ್ಲ.

ಎರಡನೇ ಪೆಟ್ಟು ಮರಳಿನದು. ಮಧ್ಯಾಹ್ನ ಕಟ್ಟಿದ ಗ್ರೀನ್ ಸ್ಯಾಂಡ್ ಅಚ್ಚು ರಾತ್ರಿ ಹೊತ್ತಿಗೆ ಒಣಗಿ, ಅಂಚು ಉದುರಿ, ಮರಳು ಎರಕದೊಳಗೆ ಸೇರುತ್ತಿತ್ತು. ನೂರಕ್ಕೆ ನಾಲ್ಕಿದ್ದ ರಿಜೆಕ್ಷನ್ ಒಂಬತ್ತಾಯಿತು. ಈಗ ಅಚ್ಚು ಕಟ್ಟುವುದನ್ನೇ ಸಂಜೆ 6ರಿಂದ 10ಕ್ಕೆ ಇಟ್ಟಿದ್ದೇನೆ. ಆ ಕೆಲಸಕ್ಕೆ ಕರೆಂಟ್ ಕಡಿಮೆ, ಹತ್ತರ ಮೇಲೆ ಹಸಿ ಅಚ್ಚಿಗೇ ಎರಕ. ರಾತ್ರಿ ಭತ್ಯೆ, ಊಟ, ವಾಹನ ಸೇರಿ 13,500 ಹೋಗುತ್ತದೆ. ಉಳಿದ 16,500 ಮಾತ್ರ ನನ್ನದು.

ಪೀಣ್ಯ, ಮೋಲ್ಡಿಂಗ್: ರಾತ್ರಿ ಡಿಮಾಂಡ್ ಚಾರ್ಜೂ ಕಡಿಮೆ ಅಲ್ವಾ? ನಾನು ಎಲ್ಲಾ ಮಷೀನ್ ರಾತ್ರಿಗೇ ಹಾಕಿದೆ, ಬಿಲ್ ಇಳಿಯಿತು.

ಬೆಳಗಾವಿ ಫೌಂಡ್ರಿ: ಇಲ್ಲ ಸಾರ್. ಟಿಒಡಿ ಕಡಿತ ಯೂನಿಟ್‌ಗೆ ಮಾತ್ರ. ನೀವು ಹಗಲಿನ ಓಟ ತಳ್ಳಿದ್ದರೆ ಉಳಿದದ್ದು 1 ರೂಪಾಯಿ, ಸಂಜೆಯದಾದರೆ 2. ಬಿಲ್ ತೆಗೆದು ನೋಡಿ.

ದೊಡ್ಡಬಳ್ಳಾಪುರ, ಮಗ್ಗ: ಎರಡು ರೂಪಾಯಿಗೆ ಆಳುಗಳ ನಿದ್ದೆ ಕೆಡಿಸಬೇಡಿ. ನಾನು ರಾತ್ರಿ ಮಗ್ಗ ಓಡಿಸಿದೆ, ಪಕ್ಕದ ಮನೆಯವರು ಪೊಲೀಸ್ ಕರೆದರು. ಇಬ್ಬರು ನೇಕಾರರು ಬಿಟ್ಟು ಹೋದರು.

ಬೆಳಗಾವಿ ಫೌಂಡ್ರಿ: ನನ್ನವರು ಒಪ್ಪಿಯೇ ಬಂದಿದ್ದಾರೆ, ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ನೋಡದೇ ಮಾತಾಡಬೇಡಿ.

ದೊಡ್ಡಬಳ್ಳಾಪುರ, ಮಗ್ಗ: ಒಪ್ಪದೆ ಏನು ಮಾಡ್ತಾರೆ? ಸಂಬಳ ಕೊಡುವವರು ನೀವು.

ತುಮಕೂರು, ಚಾವಣಿ ಸೋಲಾರ್ ಇರುವವರು: ರಾತ್ರಿ ಯಾಕೆ? 2023ರ ಕೇಂದ್ರ ನಿಯಮದಲ್ಲಿ ಬಿಸಿಲಿನ ಹೊತ್ತಿನ ದರ ಕನಿಷ್ಠ ನೂರಕ್ಕೆ 20 ಕಡಿಮೆ ಇರಬೇಕು ಅಂತಿದೆ. ನಾನು ಗ್ರೈಂಡರ್ ಪೂರ್ತಿ ಹಗಲಿಗೇ ತಂದೆ.

ಹುಬ್ಬಳ್ಳಿ, ಎಲೆಕ್ಟ್ರಿಕಲ್ ಗುತ್ತಿಗೆ: ನಿಯಮ ಬೇರೆ, ರಾಜ್ಯದ ಕರೆಂಟ್ ದರ ಗೊತ್ತು ಮಾಡುವ ಆಯೋಗ ಕೆಇಆರ್‌ಸಿಯ ಆದೇಶ ಬೇರೆ. ನಿಮ್ಮ ಕೆಟಗರಿಗೆ ಯಾವ ಹೊತ್ತು ಅಗ್ಗ ಅಂತ ಆ ವರ್ಷದ ಆದೇಶದಲ್ಲೇ ನೋಡಬೇಕು. ಇನ್ನೊಂದು ಮಾತು, ಮೀಟರ್ ಗಡಿಯಾರ ನೋಡಿ. ಒಂದು ಕಡೆ 18 ನಿಮಿಷ ಹಿಂದಿತ್ತು. ಹತ್ತಕ್ಕೆ ಹಾಕಿದ ಫರ್ನೇಸ್ ದಿನವೂ 18 ನಿಮಿಷ ಸಂಜೆಯ ದರದಲ್ಲೇ ಓಡುತ್ತಿತ್ತು. ಡಿಸ್‌ಪ್ಲೇಯಲ್ಲಿ ಸಮಯ ಬರುವಾಗ ಮೊಬೈಲ್ ಪಕ್ಕ ಹಿಡಿದು ಫೋಟೋ ತೆಗೆದು, ಬರೆದು ಕೊಡಿ.

ಪೀಣ್ಯ, ಮೋಲ್ಡಿಂಗ್: ಬಿಲ್ ತೆಗೆದು ನೋಡಿದೆ. ಡಿಮಾಂಡ್ ಚಾರ್ಜ್ ಇಳಿದಿಲ್ಲ. ಆದರೂ ಒಟ್ಟು ಕಡಿಮೆ ಬಂದಿದೆ, ಆ ತಿಂಗಳು ಆರ್ಡರ್ ಕಡಿಮೆ ಇತ್ತೇನೋ ಹುಡುಕುತ್ತಿದ್ದೇನೆ.