ಅಪ್‌ಡೇಟ್: ಅಪ್ಪನ ಫೋನಿನ ಹೋಮ್ ಸ್ಕ್ರೀನ್ ವಾಪಸ್ ಬಂತು

ನನ್ನ ಪ್ರಶ್ನೆ ಇದಾಗಿತ್ತು: "ಫೋನ್ ಅಪ್‌ಡೇಟ್ ಆದ ಮೇಲೆ ಅಪ್ಪನ ಐಕಾನ್‌ಗಳು, ಮಳೆ ತೋರಿಸುವ ವಿಜೆಟ್ ಎಲ್ಲಾ ಮಾಯ. ಒಂದೊಂದಾಗಿ ಮತ್ತೆ ಜೋಡಿಸಬೇಕಾ?"

ಬೇಕಾಗಲಿಲ್ಲ. ಭಾನುವಾರ ಸೋಮವಾರಪೇಟೆಗೆ ಹೋದಾಗ ಫೋನ್ ಕೈಗೆ ತಗೊಂಡೆ. ಮೇಲಕ್ಕೆ ಸ್ವೈಪ್ ಮಾಡಿದರೆ ಆ್ಯಪ್ ಡ್ರಾಯರ್‌ನಲ್ಲಿ ಎಲ್ಲಾ ಆ್ಯಪ್‌ಗಳೂ ಇದ್ದವು. ಅಂದರೆ ಯಾವುದೂ ಅಳಿಸಿರಲಿಲ್ಲ. ಆದರೆ ಐಕಾನ್‌ಗಳ ಆಕಾರವೇ ಬೇರೆ ಇತ್ತು. ಅಲ್ಲೇ ಗೊತ್ತಾಯಿತು, ಲಾಂಚರ್, ಅಂದರೆ ಹೋಮ್ ಸ್ಕ್ರೀನ್ ತೋರಿಸುವ ಆ್ಯಪ್, ಬದಲಾಗಿದೆ. ಅಪ್ಪ ಬಳಸುತ್ತಿದ್ದದ್ದು ದೊಡ್ಡ ಅಕ್ಷರದ ಬೇರೆ ಲಾಂಚರ್. ಅಪ್‌ಡೇಟ್ ಆದ ಮೇಲೆ ಫೋನಿನದ್ದೇ ಲಾಂಚರ್ ಮುಂದೆ ಬಂದಿತ್ತು.

ಸೆಟ್ಟಿಂಗ್ಸ್‌ನಲ್ಲಿ Apps, ಅದರಲ್ಲಿ Default apps, ಆಮೇಲೆ Home app. ಅಲ್ಲಿ ಹಳೆಯದನ್ನು ಆರಿಸಿದೆ, ಅಷ್ಟೇ. ಐಕಾನ್‌ಗಳು ಹಳೆಯ ಜಾಗದಲ್ಲೇ ಬಂದವು. ಪ್ರತಿ ಲಾಂಚರ್ ತನ್ನ ಜೋಡಣೆಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅದಕ್ಕೇ ದಯವಿಟ್ಟು ಲಾಂಚರ್‌ನ Clear data ಒತ್ತಬೇಡಿ, ಒತ್ತಿದರೆ ಜೋಡಣೆ ಪೂರ್ತಿ ಹೋಗುತ್ತದೆ.

ಮಳೆಯ ವಿಜೆಟ್ ಮಾತ್ರ ಬರಲಿಲ್ಲ. ಕಾಫಿ ಒಣಗಲು ಹಾಕಿದ ದಿನಗಳಲ್ಲಿ ಅಪ್ಪ ಬೆಳಗ್ಗೆ ಎದ್ದ ಕೂಡಲೇ ನೋಡುವುದು ಅದನ್ನೇ! ಆ್ಯಪ್‌ನ Storage ನೋಡಿದರೆ, ಅದು ಎಸ್‌ಡಿ ಕಾರ್ಡ್‌ನಲ್ಲಿ ಕೂತಿತ್ತು. ಫೋನ್ ರೀಸ್ಟಾರ್ಟ್ ಆದಾಗ ಕಾರ್ಡ್ ಓದಲು ತಡವಾಗುತ್ತದೆ, ಅಷ್ಟರಲ್ಲಿ ವಿಜೆಟ್ ಕೈಬಿಟ್ಟುಹೋಗಬಹುದು. ಆ್ಯಪನ್ನು ಫೋನ್ ಮೆಮೊರಿಗೆ ತಂದು, ಖಾಲಿ ಜಾಗವನ್ನು ಒತ್ತಿ ಹಿಡಿದು, Widgets ತೆರೆದು ಮತ್ತೆ ಎಳೆದಿಟ್ಟೆ. ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿದೆ. ಅಲ್ಲೇ ಇದೆ.